ಹೃದಯ ಸರಿಯಿದ್ದರೂ ಎಲ್‌ಡಿಎಲ್ 70ರ ಕೆಳಗೆ ಏಕೆ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ, ಊರು ಅರಕಲಗೂಡು. ಎರಡು ತಿಂಗಳ ಹಿಂದೆ ಮಿನಿ ಸ್ಟ್ರೋಕ್ ಆಗಿ ಅರ್ಧ ಗಂಟೆಯಲ್ಲಿ ಸರಿಹೋಯಿತು. ಸ್ಕ್ಯಾನ್‌ನಲ್ಲಿ ಮಿದುಳಿನ ಒಂದು ರಕ್ತನಾಳ ಕಿರಿದಾಗಿದೆ ಎಂದರು. ಹೃದಯದ ಎಕೋ, ಇಸಿಜಿ ನಾರ್ಮಲ್. ಆಗ ಎಲ್‌ಡಿಎಲ್ 134 ಇತ್ತು, ಅಟೋರ್ವಾಸ್ಟಾಟಿನ್ 40 ಶುರುವಾದ ಮೇಲೆ 96 ಆಗಿದೆ. ಲ್ಯಾಬ್ ರಿಪೋರ್ಟಿನಲ್ಲಿ 100ರ ಒಳಗೆ ಇದ್ದರೆ ಸರಿ ಅಂತಿದೆ. ಆದರೂ ಡಾಕ್ಟರು 70ರ ಕೆಳಗೆ ಬರಬೇಕು ಅಂತ ಎಜೆಟಿಮೈಬ್ ಸೇರಿಸಿದ್ದಾರೆ. ಹೃದಯಕ್ಕೆ ತೊಂದರೆಯೇ ಇಲ್ಲ ಅಂದಮೇಲೆ ಇದು ಬೇಕಾ? ಕೊಲೆಸ್ಟ್ರಾಲ್ ಅಷ್ಟು ಇಳಿದರೆ ಮಿದುಳಿಗೇ ಕೆಡುಕಲ್ಲವೇ?

ಉತ್ತರ: ನಾನು ಹಾಸನದಲ್ಲಿ ಹಲವು ವರ್ಷಗಳಿಂದ ಫಿಜಿಷಿಯನ್ ಆಗಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ವೈದ್ಯರು ಹೇಳಿದ ಗುರಿ ಸರಿಯಾಗಿದೆ. ಆದರೆ ಆ 96 ಎಂಬ ಅಂಕಿಯ ಬಗ್ಗೆ ನನಗೊಂದು ಅನುಮಾನವಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಲ್ಯಾಬಿನವರು ಮುದ್ರಿಸುವ 100ರ ಗೆರೆಗೆ ರಿಪೋರ್ಟು ಯಾರದ್ದೆಂಬುದು ಗೊತ್ತಿರುವುದಿಲ್ಲ. ರಕ್ತನಾಳದ ರೋಗ ಇನ್ನೂ ತಲೆಯೆತ್ತದವರಿಗೂ, ಒಮ್ಮೆ ಲಕ್ವದ ಬಾಗಿಲವರೆಗೆ ಹೋಗಿ ಬಂದವರಿಗೂ ಅದೇ ಕಾಗದ, ಅದೇ ಗೆರೆ. ನಿಮ್ಮ ತಂದೆಯವರದು ಎರಡನೆಯ ಗುಂಪು. ಎಲ್‌ಡಿಎಲ್ ಕಣಗಳು ಅಪಧಮನಿಯ ಒಳಪದರದೊಳಗೆ ನುಸುಳಿ, ಅಲ್ಲೇ ಸಿಕ್ಕಿಕೊಂಡು, ಉರಿಯೂತ ಹುಟ್ಟಿಸಿ, ವರ್ಷಗಟ್ಟಲೆ ಬೆಳೆದು ಪ್ಲಾಕ್ ಎಂಬ ಕೊಬ್ಬಿನ ದಿಣ್ಣೆಯಾಗುತ್ತವೆ. ಈ ಕ್ರಿಯೆ ಹೃದಯದ ಕೊರೊನರಿ ನಾಳದಲ್ಲಿ ಹೇಗೆ ನಡೆಯುತ್ತದೋ ಕುತ್ತಿಗೆಯ ಕರೋಟಿಡ್ ನಾಳದಲ್ಲಿಯೂ, ತಲೆಬುರುಡೆಯೊಳಗಿನ ದೊಡ್ಡ ನಾಳಗಳಲ್ಲಿಯೂ ಹಾಗೆಯೇ ನಡೆಯುತ್ತದೆ. ಭಾರತೀಯರೂ ಸೇರಿದಂತೆ ಏಷ್ಯಾದ ಜನರಲ್ಲಿ ತಲೆಯೊಳಗಿನ ನಾಳಗಳೇ ಕಿರಿದಾಗುವುದು ಯುರೋಪಿಯನ್ನರಿಗಿಂತ ಹೆಚ್ಚು. ಎಕೋ ಪರೀಕ್ಷೆಯು ಹೃದಯದ ಕೋಣೆಗಳನ್ನೂ ಕವಾಟಗಳನ್ನೂ ತೋರಿಸುತ್ತದೆ. ಮಿದುಳಿನ ನಾಳದ ಬಗ್ಗೆ ಅದು ಏನೂ ಹೇಳಲಾರದು.

ಪ್ಲಾಕ್ ಇರುವ ಕಡೆ ನಾಳ ಪೂರ್ತಿ ಮುಚ್ಚಬೇಕೆಂದೇನೂ ಇಲ್ಲ. ದಿಣ್ಣೆಯ ಮೇಲ್ಪದರ ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪಿನ ಚೂರು ಮುಂದೆ ಹರಿದು ಸಣ್ಣ ಕವಲೊಂದನ್ನು ತಡೆಯುತ್ತದೆ. ಚೂರು ಬೇಗ ಕರಗಿದರೆ ಅದು ಮಿನಿ ಸ್ಟ್ರೋಕ್, ಕರಗದಿದ್ದರೆ ಪೂರ್ಣ ಲಕ್ವ. ಎಲ್‌ಡಿಎಲ್ ಬಹಳ ಇಳಿದಾಗ ಪ್ಲಾಕ್‌ನೊಳಗಿನ ಕೊಬ್ಬು ಕಡಿಮೆಯಾಗಿ ಮೇಲ್ಪದರ ಗಟ್ಟಿಯಾಗುತ್ತದೆ. ನಾಳ ಮೊದಲಿನಷ್ಟು ಅಗಲವಾಗದಿದ್ದರೂ ಬಿರಿಯುವ ಸಂಭವ ತಗ್ಗುತ್ತದೆ.

70 ಎಂಬ ಗುರಿಯನ್ನು ನೇರವಾಗಿ ಪರೀಕ್ಷಿಸಿದ ಅಧ್ಯಯನ ಫ್ರಾನ್ಸ್ ಮತ್ತು ದಕ್ಷಿಣ ಕೊರಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾಯಿತು. ಅದರ ಹೆಸರು ಟ್ರೀಟ್ ಸ್ಟ್ರೋಕ್ ಟು ಟಾರ್ಗೆಟ್. ಇತ್ತೀಚೆಗೆ ಲಕ್ವ ಅಥವಾ ಮಿನಿ ಸ್ಟ್ರೋಕ್ ಆಗಿದ್ದ, ನಾಳಗಳಲ್ಲಿ ಪ್ಲಾಕ್ ಇರುವುದಕ್ಕೆ ಪುರಾವೆಯೂ ಇದ್ದ 2860 ಮಂದಿಯಲ್ಲಿ ಅರ್ಧದಷ್ಟು ಜನರಿಗೆ 70ರ ಕೆಳಗಿನ ಗುರಿ, ಉಳಿದವರಿಗೆ 90ರಿಂದ 110ರ ಗುರಿ. ಸುಮಾರು ಮೂರೂವರೆ ವರ್ಷಗಳಲ್ಲಿ ಲಕ್ವ, ಹೃದಯಾಘಾತ, ತುರ್ತಾಗಿ ನಾಳ ತೆರೆಯಬೇಕಾದ ಸ್ಥಿತಿ ಅಥವಾ ಅಂಥ ಕಾರಣದ ಸಾವು ಮೊದಲ ಗುಂಪಿನಲ್ಲಿ ಶೇಕಡಾ 8.5, ಎರಡನೆಯದರಲ್ಲಿ ಶೇಕಡಾ 10.9. ನಿಮ್ಮ ತಂದೆಯವರ 96 ಈಗ ನಿಂತಿರುವುದು ಆ ಎರಡನೆಯ ಗುಂಪಿನಲ್ಲಿ ಎಂಬುದನ್ನು ಗಮನಿಸಿ.

ಇನ್ನು ನನ್ನ ಅನುಮಾನ. ಅಟೋರ್ವಾಸ್ಟಾಟಿನ್ 40 ಮಿಲಿಗ್ರಾಂ ಸರಿಯಾಗಿ ತೆಗೆದುಕೊಂಡರೆ ನಾಲ್ಕರಿಂದ ಆರು ವಾರಗಳಲ್ಲಿ ಎಲ್‌ಡಿಎಲ್ ಹೆಚ್ಚುಕಡಿಮೆ ಅರ್ಧಕ್ಕೆ ಬರಬೇಕು. 134 ಇದ್ದದ್ದು 70ರ ಆಸುಪಾಸಿಗೆ ಇಳಿಯಬೇಕಿತ್ತು. 96 ಎಂದರೆ ಶೇಕಡಾ 28ರಷ್ಟು ಮಾತ್ರ ಇಳಿದಿದೆ. ಕೆಲವರ ದೇಹ ಈ ಔಷಧಕ್ಕೆ ಕಡಿಮೆ ಸ್ಪಂದಿಸುವುದುಂಟು, ಆದರೆ ಇಂಥ ಅಂಕಿ ಕಂಡಾಗ ನಾನು ಮೊದಲು ಕೇಳುವುದು ಮಾತ್ರೆಯ ಸ್ಟ್ರಿಪ್ಪುಗಳನ್ನು.

ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ರೈಟರ್ ಒಬ್ಬರು ನನ್ನ ಬಳಿ ಬರುತ್ತಿದ್ದರು, ವಯಸ್ಸು 58. ಪಲ್ಪಿಂಗ್ ನಡೆಯುತ್ತಿದ್ದ ಒಂದು ಸಂಜೆ ಹಾಜರಿ ಪುಸ್ತಕ ಬರೆಯುವಾಗ ಪೆನ್ನು ಬಲಗೈಯಿಂದ ಜಾರಿತು, ಮಾತು ತೊದಲಿತು, ಇಪ್ಪತ್ತು ನಿಮಿಷದಲ್ಲಿ ಎಲ್ಲವೂ ಸರಿಯಾಯಿತು. ಸ್ಕ್ಯಾನ್‌ನಲ್ಲಿ ಮಿದುಳಿನ ಎಡಭಾಗದ ಮಧ್ಯ ಅಪಧಮನಿ ಅರ್ಧಕ್ಕಿಂತ ಹೆಚ್ಚು ಕಿರಿದಾಗಿತ್ತು. ಎಕೋ ಚೆನ್ನಾಗಿಯೇ ಇತ್ತು. ಎಲ್‌ಡಿಎಲ್ 142. ರಕ್ತ ತೆಳುವಾಗುವ ಮಾತ್ರೆಯ ಜೊತೆ ಅಟೋರ್ವಾಸ್ಟಾಟಿನ್ 40 ಕೊಟ್ಟು ಆರು ವಾರದ ನಂತರ ನೋಡಿದರೆ 104. ಡೋಸ್ ಏರಿಸಲು ಪೆನ್ನು ಎತ್ತಿದವನು, ಯಾಕೋ ತಡೆದು, ಉಳಿದ ಮಾತ್ರೆ ತೋರಿಸಿ ಎಂದೆ. ನಲವತ್ತೆರಡು ದಿನಗಳಲ್ಲಿ ಖಾಲಿಯಾಗಿದ್ದು ಹತ್ತೊಂಬತ್ತು. ಮಾಂಸದೂಟ ಮಾಡಿದ ದಿನಗಳಲ್ಲಿ ಮಾತ್ರ ಅವರು ಅದನ್ನು ನುಂಗುತ್ತಿದ್ದರು! ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲನ್ನು ಊಟವಲ್ಲ, ನಮ್ಮ ದೇಹವೇ ತಯಾರಿಸುತ್ತದೆ, ಯಕೃತ್ತು ಉಪವಾಸದ ದಿನವೂ ರಜೆ ಹಾಕುವುದಿಲ್ಲ ಎಂದು ವಿವರಿಸಿದೆ. ಪ್ರತಿದಿನ ನುಂಗಿದ ಮೇಲೆ ಅದೇ ಡೋಸಿನಲ್ಲಿ 74 ಆಯಿತು.

ಅಲ್ಲಿಂದ ಮುಂದೆ ಡೋಸನ್ನು 80ಕ್ಕೆ ಏರಿಸಬಹುದಿತ್ತು, ಆದರೆ ಸ್ಟಾಟಿನ್ ಡೋಸ್ ಇಮ್ಮಡಿಯಾದಾಗ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಶೇಕಡಾ 6ರಷ್ಟು ಮಾತ್ರ, ಅಂದರೆ 74 ಇದ್ದದ್ದು 70ರ ಹತ್ತಿರಕ್ಕೆ. ಕರುಳು ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುವ ಎಜೆಟಿಮೈಬ್ 10 ಮಿಲಿಗ್ರಾಂ ಬೇರೆ ದಾರಿಯಲ್ಲಿ ಕೆಲಸ ಮಾಡುವುದರಿಂದ ಇನ್ನೂ ಶೇಕಡಾ 20ರಷ್ಟು ಇಳಿಸುತ್ತದೆ. ಅದನ್ನು ಸೇರಿಸಿದ ಮೇಲೆ ರೈಟರ್ ಅವರ ಅಂಕಿ 59ಕ್ಕೆ ಬಂತು. ಇದೇ ಲೆಕ್ಕ ನಿಮ್ಮ ತಂದೆಯವರಿಗೆ ಹಾಕಿದರೆ 96 ಸುಮಾರು 77 ಆಗುತ್ತದೆ, ಗುರಿ ಇನ್ನೂ ದೂರವೇ ಉಳಿಯುತ್ತದೆ. ಆದ್ದರಿಂದ ಮೊದಲು ಸ್ಟ್ರಿಪ್ಪು ಎಣಿಸಿ. ಮಾತ್ರೆ ತಪ್ಪಿಲ್ಲವಾದರೆ ಆ ವಿಷಯ ವೈದ್ಯರಿಗೆ ತಿಳಿಸಿ, ಅವರು ಸ್ಟಾಟಿನ್ ಬದಲಿಸಬಹುದು ಅಥವಾ ಡೋಸ್ ಏರಿಸಬಹುದು. (ನಮ್ಮ ಸೀಮೆಯವರಿಗೆ ಬೇಸರ ತರುವ ಮಾತೊಂದಿದೆ: ಸೋಸದೆ ಕುದಿಸಿ ಕುಡಿಯುವ ಕಾಫಿಯ ಎಣ್ಣೆಯಂಶವೂ ಎಲ್‌ಡಿಎಲ್ ಅನ್ನು ಸ್ವಲ್ಪ ಏರಿಸುತ್ತದೆ. ಕಾಗದದ ಫಿಲ್ಟರ್ ಅದನ್ನು ಬಹುಮಟ್ಟಿಗೆ ಹಿಡಿದಿಡುತ್ತದೆ.)

ಮಿದುಳಿಗೆ ಕೊಲೆಸ್ಟ್ರಾಲ್ ಬೇಕೆಂಬುದು ನಿಜ, ಆದರೆ ಅದು ತನಗೆ ಬೇಕಾದಷ್ಟನ್ನು ತಾನೇ ತಯಾರಿಸಿಕೊಳ್ಳುತ್ತದೆ. ರಕ್ತದ ಎಲ್‌ಡಿಎಲ್ ಕಣಗಳು ಮಿದುಳಿನ ರಕ್ತತಡೆಯನ್ನು ದಾಟಿ ಒಳಗೆ ಹೋಗುವುದಿಲ್ಲ. ನಿಜವಾಗಿ ಯೋಚಿಸಬೇಕಾದ ಅಪಾಯ ಮಿದುಳಿನ ರಕ್ತಸ್ರಾವ. 2006ರ ಸ್ಪಾರ್ಕಲ್ ಅಧ್ಯಯನದಲ್ಲಿ ಅಟೋರ್ವಾಸ್ಟಾಟಿನ್ 80 ತೆಗೆದುಕೊಂಡ ಸುಮಾರು 2365 ಮಂದಿಯಲ್ಲಿ 55 ಜನರಿಗೆ ರಕ್ತಸ್ರಾವದ ಲಕ್ವ ಆಯಿತು, ಬರೀ ಹುಸಿಮಾತ್ರೆ ತೆಗೆದುಕೊಂಡ ಅಷ್ಟೇ ಜನರಲ್ಲಿ 33 ಮಂದಿಗೆ. ಹಾಗಿದ್ದೂ ಎಲ್ಲ ಬಗೆಯ ಲಕ್ವಗಳನ್ನು ಕೂಡಿಸಿದಾಗ ಐದು ವರ್ಷಗಳಲ್ಲಿ ಶೇಕಡಾ 13.1 ಇದ್ದದ್ದು 11.2ಕ್ಕೆ ಇಳಿದಿತ್ತು. ಹಾಗಾಗಿ ಮೊದಲೇ ಮಿದುಳಿನಲ್ಲಿ ರಕ್ತಸ್ರಾವವಾಗಿದ್ದವರಿಗೆ ನಾನು ಈ ಗುರಿಯನ್ನು ಕಣ್ಣುಮುಚ್ಚಿ ಹೇಳುವುದಿಲ್ಲ, ಉಳಿದವರಲ್ಲಿ ಬಿಪಿಯನ್ನು ಬಿಗಿಯಾಗಿ ಹಿಡಿಯುತ್ತೇನೆ. ಹೃದಯದ ಬಡಿತ ತಾಳತಪ್ಪಿ, ಅಲ್ಲಿಂದ ಹೆಪ್ಪು ಹಾರಿ ಲಕ್ವ ಬಂದವರಲ್ಲಿ ಮುಖ್ಯ ಚಿಕಿತ್ಸೆ ಹೆಪ್ಪುರೋಧಕವೇ ಹೊರತು ಎಲ್‌ಡಿಎಲ್ ಇಳಿಸುವುದಲ್ಲ. ನಿಮ್ಮ ತಂದೆಯವರಲ್ಲಿ ಕಿರಿದಾದ ನಾಳ ಕಣ್ಣಿಗೇ ಕಂಡಿದೆ, ಆದ್ದರಿಂದ ಈ ವಿನಾಯಿತಿ ಅವರಿಗೆ ಬರುವುದಿಲ್ಲ.

ಎಜೆಟಿಮೈಬ್ ಶುರುವಾದ ದಿನದಿಂದ ಆರು ವಾರಕ್ಕೆ ಮತ್ತೆ ಲಿಪಿಡ್ ಪರೀಕ್ಷೆ ಮಾಡಿಸಿ. ಎರಡೂ ತೊಡೆಗಳಲ್ಲಿ ಕಾರಣವಿಲ್ಲದ ನೋವು, ಸುಸ್ತು ಅಥವಾ ಕಂದುಬಣ್ಣದ ಮೂತ್ರ ಕಂಡರೆ ಅಲ್ಲಿಯವರೆಗೆ ಕಾಯದೆ ವೈದ್ಯರನ್ನು ಕಾಣಿ. ಆ ಪರೀಕ್ಷೆಯಲ್ಲಿ 60 ಎಂದು ಬಂದು ಲ್ಯಾಬಿನವರು ಅದನ್ನು ನಾರ್ಮಲ್ ಎಂದು ಬರೆದರೆ, ಮಾತ್ರೆ ನಿಲ್ಲಿಸಬಹುದೆಂದು ತಂದೆಯವರು ಅಂದುಕೊಳ್ಳದಂತೆ ನೋಡಿಕೊಳ್ಳಿ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅದು ಮತ್ತೆ 134ರ ಹತ್ತಿರಕ್ಕೆ ಹೋಗುತ್ತದೆ.