ಗಂಟೆಗೊಂದು ಫೋಟೋ ತೆಗೆದು ನಾನು ಕಳಕೊಂಡ ಸ್ಲ್ಯಾಬ್

ಪ್ರಶ್ನೆ: ಮನೆ ಕಟ್ಟುವ ಟೈಮ್‌ಲ್ಯಾಪ್ಸ್ ಮಾಡಬೇಕು ಅಂತಿದ್ದೇನೆ. 10 ತಿಂಗಳ ಕೆಲಸ, 2 ನಿಮಿಷದ ವಿಡಿಯೋ ಸಾಕು. ಒಟ್ಟು ಎಷ್ಟು ಫೋಟೋ ಬೇಕು? ಗಂಟೆಗೊಂದು ತೆಗೆದರೆ ಸಾಕಾ?

ಅಯ್ಯೋ, ಇದು ನಾನೇ ಬರೆದ ಪ್ರಶ್ನೆಯ ಹಾಗಿದೆ. ಬದಿಯಡ್ಕದ ಹತ್ತಿರ ನೀರ್ಚಾಲಿನಲ್ಲಿ ಅಣ್ಣ ಮನೆ ಕಟ್ಟಿಸುವಾಗ ನಾನೂ ಇದೇ ಲೆಕ್ಕ ಹಾಕಿದ್ದೆ. 2 ನಿಮಿಷ ಅಂದ್ರೆ 120 ಸೆಕೆಂಡು, ಸೆಕೆಂಡಿಗೆ 25 ಫ್ರೇಮು, ಒಟ್ಟು 3000 ಫೋಟೋ. ಕೆಲಸ 300 ದಿನ, ಹಾಗಾಗಿ ದಿನಕ್ಕೆ 10. ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಗಂಟೆಗೊಂದು ಅಂದ್ರೆ ಸರಿಯಾಗಿ ಹತ್ತೇ ಆಗುತ್ತದೆ. ಎಷ್ಟು ಚಂದ ಹೊಂದಿಕೊಂಡಿತು ಅಂತ ಬಹಳ ಖುಷಿಯಾಗಿತ್ತು.

ಕೊಟ್ಟಿಗೆಯ ಮಾಡಿನ ಪಕ್ಕ ಕಬ್ಬಿಣದ ಪೈಪ್ ನೆಟ್ಟು, ಅದರ ಮೇಲೆ ಡಬ್ಬ, ಡಬ್ಬದೊಳಗೆ ನನ್ನ ಹಳೆ ಡಿಎಸ್‌ಎಲ್‌ಆರ್. (ಮೊದಲು ಅಡಿಕೆ ಮರಕ್ಕೆ ಕಟ್ಟೋಣ ಅಂದಿದ್ದೆ. ಅಣ್ಣ ನಕ್ಕ. ಗಾಳಿಗೆ ಅದು ಹೇಗೆ ತೂಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾ?) ಹತ್ತು ತಿಂಗಳು ಕ್ಯಾಮೆರಾ ಒಂದು ದಿನವೂ ಕೈ ಕೊಡಲಿಲ್ಲ. ಗೃಹಪ್ರವೇಶದ ದಿನ ಎಲ್ಲರನ್ನೂ ಕೂರಿಸಿ ಟಿವಿಗೆ ಹಾಕಿದೆ. ಮುಗಿದ ಮೇಲೆ ಅಮ್ಮ ಕೇಳಿದ್ದು ಒಂದೇ ಮಾತು: "ಟೆರೇಸು ಹಾಕಿದ್ದು ಎಲ್ಲಿ ಮಾರಾಯ?"

ಇತ್ತು. ಆದ್ರೆ ಯಾರಿಗೂ ಕಾಣಲಿಲ್ಲ. ಸ್ಲ್ಯಾಬಿನ ಕಾಂಕ್ರೀಟು ಬೆಳಿಗ್ಗೆ ಏಳೂವರೆಗೆ ಶುರುವಾಗಿ ಮಧ್ಯಾಹ್ನ ಮೂರೂವರೆಗೆ ಮುಗಿದಿತ್ತು. ಮಿಕ್ಸರ್ ಗುಡುಗುಡು, ಇಪ್ಪತ್ತೈದು ಜನ ಮೇಲೆ ಕೆಳಗೆ, ಕೊನೆಗೆ ಪಾಯಸದ ಊಟ. ಇಡೀ ಮನೆ ಕೆಲಸದಲ್ಲಿ ನೋಡಬೇಕಾದ ದಿನ ಅಂತಿದ್ದರೆ ಅದೇ. ನನ್ನ ಕ್ಯಾಮೆರಾ ಆ ಹೊತ್ತಿನಲ್ಲಿ ತೆಗೆದದ್ದು ಎಂಟು ಫೋಟೋ. ಎಂಟು ಫ್ರೇಮು ಅಂದ್ರೆ 0.32 ಸೆಕೆಂಡು. ಕಣ್ಣು ಮಿಟುಕಿಸಿದವರಿಗೆ ಟೆರೇಸು ತಾನಾಗಿ ಬಂದು ಕೂತ ಹಾಗೆ ಕಂಡಿತು.

ಅದಾದ ಮೇಲೆ ಬರುವುದು ಇನ್ನೂ ತಮಾಷೆ. ಸ್ಲ್ಯಾಬ್ ಹಾಕಿದ ಮೇಲೆ ಸೆಂಟ್ರಿಂಗ್ ಬಿಚ್ಚುವ ತನಕ ಸುಮಾರು ಇಪ್ಪತ್ತು ದಿನ ಏನೂ ನಡೆಯಲಿಲ್ಲ, ಅಣ್ಣ ದಿನಾ ನೀರು ಹಾಕಿದ್ದು ಬಿಟ್ಟರೆ. ಇಪ್ಪತ್ತು ದಿನಕ್ಕೆ 200 ಫೋಟೋ, ಅಂದ್ರೆ 8 ಸೆಕೆಂಡು. ಎಂಟು ಗಂಟೆಯ ಗಲಾಟೆಗೆ ಮೂರನೇ ಒಂದು ಸೆಕೆಂಡು, ನೀರು ನಿಂತ ಕಾಂಕ್ರೀಟಿಗೆ ಎಂಟು ಸೆಕೆಂಡು! ಆಟಿಯ ಮಳೆಗೆ ಕೆಲಸ ನಿಂತಾಗಲೂ ಇದೇ ಕಥೆ, ಹಸಿರು ಹುಲ್ಲು ಬೆಳೆಯುವ ವಿಡಿಯೋ.

ಇನ್ನೊಂದು ನನಗೆ ತಡವಾಗಿ ಹೊಳೆದದ್ದು. ಗೋಡೆ ಏರುವಾಗ ಜನರೇ ಕಾಣುತ್ತಿರಲಿಲ್ಲ, ಕೆಂಪುಕಲ್ಲು ತಾನೇ ಏರಿದ ಹಾಗೆ. ಯಾಕೆ ಅಂತ ಫೋಟೋಗಳ ಸಮಯ ನೋಡಿದೆ. ನಾನು ಸರಿಯಾಗಿ ಗಂಟೆ ಹೊಡೆಯುವಾಗ ತೆಗೆಯುವ ಹಾಗೆ ಇಟ್ಟಿದ್ದೆ. 10ಕ್ಕೆ ಎಲ್ಲರೂ ಚಾಯ ಕುಡಿಯಲು ಹೋಗಿರುತ್ತಾರೆ, 1ಕ್ಕೆ ಊಟ, 4ಕ್ಕೆ ಮತ್ತೆ ಚಾಯ. ದಿನದ ಹತ್ತರಲ್ಲಿ ಮೂರು ಫೋಟೋ ಹೀಗೇ ಖಾಲಿ ಹೋಗಿದ್ದವು.

ಹಾಗಾಗಿ ನಿಮ್ಮ ಪ್ರಶ್ನೆಯೇ ಉಲ್ಟಾ ಅಂತ ನನ್ನ ಅಭಿಪ್ರಾಯ. ವಿಡಿಯೋ ಎಷ್ಟುದ್ದ ಅಂತ ನೋಡಿ ಭಾಗಾಕಾರ ಮಾಡಬೇಡಿ. ಆ ಲೆಕ್ಕ ಮೋಡಕ್ಕೋ ಹೂ ಅರಳುವುದಕ್ಕೋ ಸರಿ, ಯಾಕಂದ್ರೆ ಅವು ಹೆಚ್ಚುಕಮ್ಮಿ ಒಂದೇ ಸಮ ನಡೆಯುತ್ತವೆ. ಮನೆ ಕೆಲಸ ಹಾಗಲ್ಲ. ಒಂದು ದಿನ ಓಡುತ್ತದೆ, ಹದಿನೈದು ದಿನ ಮಲಗುತ್ತದೆ. ಇಡೀ ಕೆಲಸದಲ್ಲಿ ಅತಿ ಬೇಗ ಮುಗಿಯುವ, ಆದ್ರೆ ನೋಡಲೇಬೇಕಾದ ದಿನ ಯಾವುದು ಅಂತ ಹುಡುಕಿ, ಅದರಿಂದ ಲೆಕ್ಕ ಶುರು ಮಾಡಿ. ಸ್ಲ್ಯಾಬ್ ವಿಡಿಯೋದಲ್ಲಿ 10 ಸೆಕೆಂಡು ಬೇಕು ಅಂದ್ರೆ 250 ಫ್ರೇಮು. ಎಂಟು ಗಂಟೆ ಅಂದ್ರೆ 480 ನಿಮಿಷ. ಅಂದ್ರೆ ಹೆಚ್ಚುಕಮ್ಮಿ ಎರಡು ನಿಮಿಷಕ್ಕೊಂದಾದರೂ ಬೇಕು. ನಾನಾದರೆ ಆ ದಿನ ನಿಮಿಷಕ್ಕೊಂದು ತೆಗೆಯುತ್ತೇನೆ. ಜಾಸ್ತಿ ತೆಗೆದದ್ದನ್ನು ಬಿಸಾಡಬಹುದು, ತೆಗೆಯದೇ ಇದ್ದದ್ದನ್ನು ಎಲ್ಲಿಂದ ತರುವುದು?

ಹಾಗಾದ್ರೆ ಹತ್ತು ತಿಂಗಳೂ ನಿಮಿಷಕ್ಕೊಂದು ತೆಗೆದರೆ? ಬೇಡ. ದಿನಕ್ಕೆ 600, 300 ದಿನಕ್ಕೆ 1,80,000. ಸಾಧಾರಣ ಡಿಎಸ್‌ಎಲ್‌ಆರ್‌ಗಳ ಶಟರಿಗೆ ಲಕ್ಷದ ಆಸುಪಾಸು ಆಯಸ್ಸು ಹೇಳುತ್ತಾರೆ. ಪೇಂಟಿಂಗ್ ಹೊತ್ತಿಗೆ ಕ್ಯಾಮೆರಾವೇ ಇರಲಿಕ್ಕಿಲ್ಲ. ಮಾಮೂಲಿ ದಿನಕ್ಕೆ 5 ನಿಮಿಷಕ್ಕೊಂದು ಸಾಕು. ಏಳೂವರೆಯಿಂದ ಐದೂವರೆ ಅಂದ್ರೆ ದಿನಕ್ಕೆ 120, ಒಟ್ಟು 36,000. ಜೆಪೆಗ್ ಒಂದಕ್ಕೆ ನಾಲ್ಕೂವರೆ ಎಂಬಿ ಹಿಡಿದರೂ 162 ಜಿಬಿ, ಯಾವ ಹಾರ್ಡ್ ಡಿಸ್ಕಿಗೂ ಭಾರವಲ್ಲ. ಇದರ ಎಷ್ಟೋ ಪಟ್ಟು ಜಾಗ ತಿನ್ನುವ ರಾ ಫೈಲ್ ಬೇಕು ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ ಬಿಟ್ಟುಬಿಡಿ.

36,000 ಫೋಟೋ ಹಾಗೇ ಓಡಿಸಿದರೆ 24 ನಿಮಿಷದ ವಿಡಿಯೋ, ಯಾರೂ ನೋಡುವುದಿಲ್ಲ. ನಿಮ್ಮ 2 ನಿಮಿಷದ ಲೆಕ್ಕ ಬರಬೇಕಾದದ್ದು ಇಲ್ಲಿ, ಎಡಿಟಿಂಗ್ ಮೇಜಿನ ಮೇಲೆ. 3000 ಫ್ರೇಮನ್ನು ಸಂಬಳದ ದುಡ್ಡಿನ ಹಾಗೆ ಹಂಚಿ. ಎರಡು ಸ್ಲ್ಯಾಬಿಗೆ 250ರಂತೆ 500. ಗೋಡೆ ಏರುವ ಸುಮಾರು 60 ದಿನಕ್ಕೆ ದಿನಕ್ಕೆ 25ರಂತೆ 1500, ಅಂದ್ರೆ ಹೆಚ್ಚುಕಮ್ಮಿ ಐದರಲ್ಲಿ ಒಂದು. ನೀರು ಹಾಕುವ ದಿನ, ಮಳೆ, ಭಾನುವಾರ ಎಲ್ಲ ಸೇರಿ ಒಂದು ನೂರು ದಿನಕ್ಕೆ ಎರಡೆರಡು, ಅಂದ್ರೆ 200. ಉಳಿದ 800 ಅಡಿಪಾಯದ ಪಂಚಾಂಗಕ್ಕೆ, ಸಾರಣೆಗೆ, ಪೇಂಟಿಗೆ. ಆ ಖಾಲಿ ದಿನಗಳ ಎರಡೆರಡನ್ನು ಪ್ರತಿ ಸಲ ಬೆಳಿಗ್ಗೆ ಒಂಬತ್ತರ ಹೊತ್ತಿನದ್ದೇ ಆರಿಸಿ. ಇಲ್ಲದಿದ್ದರೆ ನೆರಳು ಒಂದು ಫ್ರೇಮಿನಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಜಿಗಿದು ಕಣ್ಣು ನೋಯುತ್ತದೆ.

ಇಷ್ಟೆಲ್ಲ ಆಗಬೇಕಾದರೆ ಸ್ಲ್ಯಾಬ್ ದಿನ ಕ್ಯಾಮೆರಾ ಮುಟ್ಟದೆ ಇಂಟರ್‌ವಲ್ ಬದಲಾಯಿಸಲು ಬರಬೇಕು. ಮೆನುವಿಗೆ ಕೈ ಹಾಕಿದಿರೋ, ಫ್ರೇಮು ಕೂದಲೆಳೆಯಷ್ಟು ಸರಿದರೂ ವಿಡಿಯೋದಲ್ಲಿ ಮನೆಯೇ ಕುಣಿಯುತ್ತದೆ. ಇಷ್ಟಿಷ್ಟು ಹೊತ್ತಿಗೊಂದು ಫೋಟೋ ತೆಗೆಸುವ, ಉದ್ದ ವೈರಿನ ಇಂಟರ್‌ವಲೋಮೀಟರ್ ತೆಗೆದುಕೊಂಡು ಡಬ್ಬದ ಹೊರಗೆ ನೇತುಹಾಕಿ, ಬದಲಾವಣೆ ಎಲ್ಲ ಅದರಲ್ಲೇ. ರಾತ್ರಿ ಫೋಟೋ ಬೇಡವಾದರೆ ಕ್ಯಾಮೆರಾದ ಅಡಾಪ್ಟರಿಗೆ ಟೈಮರ್ ಪ್ಲಗ್ ಹಾಕಬಹುದು. ಆದ್ರೆ ತಿರುಗಿಸುವ ಮುಳ್ಳಿನದ್ದು ಬೇಡ. ಎರಡು ಗಂಟೆ ಕರೆಂಟು ಹೋದರೆ ಅದೂ ಎರಡು ಗಂಟೆ ಹಿಂದೆ ಬೀಳುತ್ತದೆ, ನಮ್ಮ ಮಳೆಗಾಲದಲ್ಲಿ ವಾರದೊಳಗೆ ಅದಕ್ಕೆ ಹಗಲು ರಾತ್ರಿಯ ಲೆಕ್ಕವೇ ತಪ್ಪುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಕೇಳಿ ತನ್ನಿ.

ಮತ್ತೆ ಮೇಸ್ತ್ರಿಯ ಹತ್ತಿರ ಈಗಲೇ ಒಂದು ಮಾತು ಹೇಳಿಡಿ, ಸ್ಲ್ಯಾಬಿನ ಹಿಂದಿನ ದಿನ ಸಂಜೆ ನಿಮಗೊಂದು ಫೋನ್ ಮಾಡಬೇಕು ಅಂತ. ನಮ್ಮ ಮೇಲಿನ ಸ್ಲ್ಯಾಬ್ ಗುರುವಾರ ಅಂದಿದ್ದರು, ಮಳೆ ಬರುವ ಹಾಗಿದೆ ಅಂತ ಮಂಗಳವಾರವೇ ಹಾಕಿದರು. ನಾನು ಆಗ ಮಂಗಳೂರಿನಲ್ಲಿದ್ದೆ.