ಗ್ರೈಪ್ ವಾಟರ್, ಜೀರಿಗೆ ನೀರು: ಹುಟ್ಟಿ ತಿಂಗಳಾಗದ ಮಗುವಿಗೆ ಯಾಕೆ ಬೇಡ ಅಂತಾರೆ?

"ನನ್ನ ಮಗುವಿಗೆ 24 ದಿನ. ಹುಟ್ಟಿದಾಗ 2.8 ಕೆ.ಜಿ. ಎದೆಹಾಲು ಕುಡಿಯುತ್ತೆ. ಸಂಜೆ ಆಯ್ತು ಅಂದ್ರೆ ಕಾಲು ಮಡಚಿಕೊಂಡು ಒಂದೇ ಸಮ ಅಳುತ್ತೆ. ಅತ್ತೆ ಪ್ರತಿ ಸಲ ಹಾಲು ಕುಡಿಸಿದ ಮೇಲೆ ಒಂದು ಒಳಲೆ ಜೀರಿಗೆ ನೀರು, ರಾತ್ರಿಗೆ ಗ್ರೈಪ್ ವಾಟರ್ ಹಾಕ್ತಾರೆ. ಹಾಕಿದ ತಕ್ಷಣ ಸುಮ್ಮನಾಗುತ್ತೆ. ಆದ್ರೆ ಡಾಕ್ಟರ್ ಎರಡೂ ಬೇಡ ಅಂತಾರೆ. ಅದರಲ್ಲಿ ಅಂಥದ್ದೇನಿದೆ? ನಮ್ಮದು ಬಾಗೇಪಲ್ಲಿ ಹತ್ತಿರ ಹಳ್ಳಿ."

ನಾನು ಚಿಂತಾಮಣಿಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. ಗ್ರೈಪ್ ವಾಟರ್ ನಮ್ಮ ಅಂಗಡಿಯಲ್ಲೂ ಇದೆ, ಮಾರುತ್ತೇನೆ ಕೂಡ. ಆದರೆ ಮಗುವಿಗೆ ಎಷ್ಟು ದಿನ ಅಂತ ಕೇಳದೆ ಕೊಡುವುದಿಲ್ಲ. ಅದಕ್ಕೆ ಕೆಲವು ಅಜ್ಜಿಯರು ನನ್ನ ಮೇಲೆ ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋಗುವುದೂ ಉಂಟು.

ಮೊದಲು ನಿಮ್ಮ ಮನೆಯ ಬಾಟಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಹೆಚ್ಚಿನವುಗಳಲ್ಲಿ ಸಬ್ಬಸಿಗೆ ಎಣ್ಣೆ ಇರುತ್ತೆ, ಅಡುಗೆ ಸೋಡ ಇರುತ್ತೆ. ಆಯುರ್ವೇದ ಲೈಸೆನ್ಸ್ ಇರುವ ಬಾಟಲಿಯಲ್ಲಿ ಸೋಡವನ್ನೇ ಸರ್ಜಿಕಾಕ್ಷಾರ ಅಂತ ಬರೆದಿರುತ್ತಾರೆ. ಅದರ ಜೊತೆ ಸಕ್ಕರೆ ಇಲ್ಲವೇ ಬೇರೆ ಸಿಹಿ, ಕೆಡದೆ ಇರಲು ಹಾಕುವ ರಾಸಾಯನಿಕ, ಉಳಿದದ್ದು ನೀರು. ಕೆಲವು ಕಂಪನಿಯವರು ಸೋಂಪು, ಶುಂಠಿ, ಓಮ ಕೂಡ ಸೇರಿಸುತ್ತಾರೆ. ಸಬ್ಬಸಿಗೆ ಅಂದರೆ ಬಾಣಂತಿಗೆ ಹಾಲು ಹೆಚ್ಚಲಿ ಅಂತ ನಿಮ್ಮತ್ತೆ ಪಲ್ಯ ಮಾಡಿ ಹಾಕುತ್ತಿರಬಹುದಲ್ಲ, ಅದೇ ಗಿಡ. ಹಾಗಾಗಿ ಹೆಸರು ಕೇಳಿದರೆ ಯಾವುದೂ ವಿಷ ಅನಿಸುವುದಿಲ್ಲ.

ಇದರ ಹುಟ್ಟು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. 1851ರಲ್ಲಿ ವಿಲಿಯಂ ವುಡ್‌ವರ್ಡ್ ಅನ್ನುವವರು ಮಾಡಿದ್ದು. ಅಲ್ಲಿನ ಜೌಗು ಪ್ರದೇಶದಲ್ಲಿ ಮಕ್ಕಳ ಜ್ವರಕ್ಕೆ ಕೊಡುತ್ತಿದ್ದ ಔಷಧಿಯನ್ನು ನೋಡಿ ತಯಾರಿಸಿದರು. ಆಗ ಅದರಲ್ಲಿ ಆಲ್ಕೋಹಾಲ್ ಕೂಡ ಇತ್ತು, ನೂರಕ್ಕೆ ಮೂರೂವರೆ ಭಾಗದಷ್ಟು. ಮಗು ಮಲಗುತ್ತಿದ್ದದ್ದು ಯಾಕೆ ಅಂತ ಇನ್ನು ಹೇಳಬೇಕಾ? ಈಗ ನಮ್ಮಲ್ಲಿ ಸಿಗುವ ದೊಡ್ಡ ಬ್ರ್ಯಾಂಡ್‌ಗಳಲ್ಲಿ ಆಲ್ಕೋಹಾಲ್ ಇಲ್ಲ ಅಂತ ಡಬ್ಬಿ ಮೇಲೇ ಬರೆದಿರುತ್ತೆ.

ಹಾಗಿದ್ದರೆ ಈಗಲೂ ಹಾಕಿದ ತಕ್ಷಣ ಯಾಕೆ ಸುಮ್ಮನಾಗುತ್ತೆ? ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಈ "ತಕ್ಷಣ" ಅನ್ನುವುದೇ. ಔಷಧಿ ಹೊಟ್ಟೆಗೆ ಇಳಿದು ಕೆಲಸ ಮಾಡಲು ಹೊತ್ತು ಬೇಕು. ನಾಲಿಗೆಗೆ ಬಿದ್ದ ಅರ್ಧ ನಿಮಿಷಕ್ಕೇ ಮಗು ಸುಮ್ಮನಾದರೆ ಅದು ಸಿಹಿಯ ಕೆಲಸ. ಆಸ್ಪತ್ರೆಯಲ್ಲಿ ಹಸುಗೂಸಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವಾಗ ಒಂದೆರಡು ಹನಿ ಸಕ್ಕರೆ ದ್ರಾವಣ ಬಾಯಿಗೆ ಹಾಕುವ ಪದ್ಧತಿ ಇದೆ. ನೋವಿನ ಅಳು ಕಡಿಮೆಯಾಗುತ್ತೆ. ಆದರೆ ಕೆಲವೇ ನಿಮಿಷ ಅಷ್ಟೇ. ಒಳಲೆ ಹಿಡಿದು ತೊಡೆ ಮೇಲೆ ಮಲಗಿಸಿಕೊಂಡು ಚೀಪಿಸುವುದೂ ಮಗುವಿಗೆ ಸಮಾಧಾನವೇ.

ಇನ್ನು ತೇಗು. ಅಡುಗೆ ಸೋಡ ಹೊಟ್ಟೆಯ ಆಮ್ಲದ ಜೊತೆ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತೆ. ಅಂದರೆ ಗ್ಯಾಸ್ ತೆಗೆಯಲಿ ಅಂತ ಕೊಟ್ಟದ್ದು ಒಂದಿಷ್ಟು ಹೊಸ ಗ್ಯಾಸ್ ಮಾಡುತ್ತೆ. ಅದು ತೇಗಾಗಿ ಬಂದರೆ "ನೋಡು, ಗ್ಯಾಸ್ ಹೋಯ್ತು" ಅಂತ ಮನೆಯವರಿಗೆ ನೆಮ್ಮದಿ. ಪುದುಚೇರಿಯಲ್ಲಿ ಒಂದರಿಂದ ಆರು ತಿಂಗಳ ಮಕ್ಕಳ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಗ್ರೈಪ್ ವಾಟರ್ ಕೊಟ್ಟ ಮಕ್ಕಳಲ್ಲಿ ವಾಂತಿ, ಮಲಬದ್ಧತೆ ಜಾಸ್ತಿ ಕಂಡವು. ಸಂಜೆಯ ಅಳು ಕಡಿಮೆಯಾಗಿದ್ದು ಕಾಣಲಿಲ್ಲ.

ಈಗ ಜೀರಿಗೆ ನೀರಿಗೆ ಬರೋಣ. ನಿಮ್ಮ ಮನೆಯಲ್ಲಿ ನನಗೆ ಹೆಚ್ಚು ಚಿಂತೆ ಇರುವುದು ಇದರದ್ದೇ. ಜೀರಿಗೆಯದ್ದಲ್ಲ, ನೀರಿನದ್ದು.

ಒಂದು ಲೆಕ್ಕ ಹಾಕಿ ನೋಡಿ. ಮಗು ಈಗ ಹೆಚ್ಚೂಕಡಿಮೆ 3 ಕೆ.ಜಿ. ಇರಬಹುದು. ಈ ವಯಸ್ಸಿಗೆ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 150 ಎಂ.ಎಲ್. ಹಾಲು ಬೇಕು, ಅಂದರೆ ಒಟ್ಟು 450 ಎಂ.ಎಲ್. ಸಣ್ಣ ಒಳಲೆಯಲ್ಲಿ 10 ಎಂ.ಎಲ್. ಹಿಡಿಯುತ್ತೆ ಅಂತಿಟ್ಟುಕೊಳ್ಳಿ. ದಿನಕ್ಕೆ ಎಂಟು ಸಲ ಹಾಲು, ಎಂಟು ಸಲ ಜೀರಿಗೆ ನೀರು, 80 ಎಂ.ಎಲ್. ಆಯ್ತು. ಮಗುವಿನ ದಿನದ ಹಾಲಿನ ಆರನೇ ಒಂದು ಪಾಲಿನಷ್ಟು ಜಾಗವನ್ನು ನೀರು ತಿಂದುಬಿಟ್ಟಿತು. ಆ ನೀರಲ್ಲಿ ತೂಕ ಏರಿಸುವಂಥದ್ದು ಏನೂ ಇಲ್ಲ. ಹೊಟ್ಟೆ ತುಂಬಿದಂತಾಗಿ ಮುಂದಿನ ಸಲ ಮಗು ಎದೆಗೆ ಸರಿಯಾಗಿ ಹತ್ತುವುದಿಲ್ಲ. ಮಗು ಕಡಿಮೆ ಎಳೆದರೆ ನಿಮ್ಮ ಹಾಲೂ ಕಡಿಮೆ ಆಗುತ್ತೆ. ಆಮೇಲೆ ಅಳುವುದು ಹಸಿವಿಗೆ. ಮನೆಯವರು ಅದನ್ನೂ ಹೊಟ್ಟೆನೋವು ಅಂದುಕೊಂಡು ಇನ್ನೊಂದು ಒಳಲೆ ಹಾಕುತ್ತಾರೆ.

ಇನ್ನೊಂದು ವಿಷಯ ಮೂತ್ರಪಿಂಡದ್ದು. ಹೊಸ ಮಗುವಿನ ಮೂತ್ರಪಿಂಡಕ್ಕೆ ಹೆಚ್ಚಾದ ನೀರನ್ನು ಬೇಗ ಹೊರಹಾಕುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಹೆಚ್ಚಾಗಿ ಬಂದ ಉಪ್ಪನ್ನು ಹೊರಹಾಕುವುದೂ ನಿಧಾನ. ನೀರು ಜಾಸ್ತಿಯಾದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ. ತೀರಾ ಇಳಿದರೆ ಮಗು ಮಂಕಾಗುತ್ತೆ, ಫಿಟ್ಸ್ ಕೂಡ ಬರಬಹುದು. ಸೋಡ ಜಾಸ್ತಿ ಹೋದರೆ ಉಲ್ಟಾ, ಸೋಡಿಯಂ ಏರುತ್ತೆ, ರಕ್ತದಲ್ಲಿ ಕ್ಷಾರವೂ ಏರುತ್ತೆ. ಒಂದು ಒಳಲೆಗೆ ಹೀಗೆಲ್ಲ ಆಗಿಬಿಡುತ್ತೆ ಅಂತ ಹೆದರಿಸುತ್ತಿಲ್ಲ. ಆದರೆ ಮನೆಯಲ್ಲಿ ಯಾರೂ ಅಳತೆ ಇಟ್ಟಿರುವುದಿಲ್ಲ. ಅತ್ತೆ ಒಂದು ಸಲ, ಅಜ್ಜಿ ಒಂದು ಸಲ, ಬಾಣಂತಿ ನೋಡಲು ಬಂದ ದೊಡ್ಡಮ್ಮ ಒಂದು ಸಲ. ಎದೆಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ ಇದೆ. ಬೇಸಿಗೆಯಲ್ಲೂ ಅದು ಸಾಕು. ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ ಅನ್ನುವುದು ಇದಕ್ಕೇ.

ನೀವು ಬಾಗೇಪಲ್ಲಿ ಕಡೆಯವರು ಅಂದಿರಿ, ಅದಕ್ಕೆ ಇದೊಂದು ಹೇಳಲೇಬೇಕು. ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ಆ ಕಡೆ ಪಾವಗಡ, ಎಲ್ಲ ಕಡೆ ಕೊಳವೆಬಾವಿ ಆಳಕ್ಕೆ ಹೋಗಿದೆ, ಫ್ಲೋರೈಡ್ ಜಾಸ್ತಿ. ಕೆಲವು ಕಡೆ ಗೊಬ್ಬರ, ಚರಂಡಿಯಿಂದ ನೈಟ್ರೇಟ್ ಕೂಡ ಸೇರಿರುತ್ತೆ. ಚೆನ್ನಾಗಿ ಕುದಿಸಿದ್ದೀವಲ್ಲ ಅಂತಾರೆ. ಕುದಿಸಿದರೆ ಸಾಯುವುದು ರೋಗಾಣು. ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ಜೀರಿಗೆ ಹಾಕಿ ಒಂದು ಲೋಟ ಅರ್ಧ ಲೋಟಕ್ಕೆ ಇಳಿಯುವವರೆಗೆ ಕುದಿಸಿದರೆ ಉಳಿದ ನೀರಲ್ಲಿ ಅವು ಹೆಚ್ಚುಕಡಿಮೆ ಎರಡರಷ್ಟು ಗಟ್ಟಿಯಾಗಿರುತ್ತವೆ. ನೈಟ್ರೇಟ್ ಜಾಸ್ತಿಯಾದರೆ ಹಸುಗೂಸಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗುತ್ತೆ, ತುಟಿ, ಉಗುರು ನೀಲಿಯಾಗುತ್ತೆ. ಶುದ್ಧ ನೀರಿನ ಘಟಕದ ಕ್ಯಾನ್ ನೀರಾದರೆ ಈ ತೊಂದರೆ ಕಡಿಮೆ ಇರಬಹುದು, ಆದರೆ ಬೆಳಗ್ಗೆ ಕುದಿಸಿ ಸಂಜೆವರೆಗೆ ಲೋಟದಲ್ಲೇ ಮುಚ್ಚಿಟ್ಟ ನೀರಲ್ಲಿ ರೋಗಾಣು ಮತ್ತೆ ಬೆಳೆಯುತ್ತೆ. ಒಳಲೆಯ ಮೂತಿಯ ಸಂದಿಯನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಗ್ರೈಪ್ ವಾಟರ್ ಬಾಟಲಿ ಮುಚ್ಚಳದ ಸುತ್ತ ಸಕ್ಕರೆ ಅಂಟಿ ಗಟ್ಟಿಯಾಗಿರುತ್ತಲ್ಲ, ಅದನ್ನೂ. ಹಿರಿಯ ಮಗುವಿಗೆ ತಂದು ಉಳಿದ ಬಾಟಲಿಯನ್ನೇ ಎರಡನೆಯದಕ್ಕೆ ಹಾಕುವವರನ್ನು ನಾನು ನೋಡಿದ್ದೇನೆ.

ಅಳುವಿನ ವಿಷಯ. ದಿನಕ್ಕೆ ಮೂರು ಗಂಟೆ, ವಾರಕ್ಕೆ ಮೂರು ದಿನಕ್ಕಿಂತ ಜಾಸ್ತಿ ಅಳುವ, ಆದರೆ ಚೆನ್ನಾಗಿ ಹಾಲು ಕುಡಿದು ಬೆಳೆಯುವ ಮಗುವಿನ ಅಳುವನ್ನು ಡಾಕ್ಟರು ಕಾಲಿಕ್ ಅಂತಾರೆ. ಇದು ಎರಡನೇ ವಾರದ ಹೊತ್ತಿಗೆ ಶುರುವಾಗಿ ಆರನೇ ವಾರಕ್ಕೆ ತುಂಬಾ ಜೋರಾಗುತ್ತೆ, ಮೂರು ನಾಲ್ಕು ತಿಂಗಳಿಗೆ ತಾನಾಗಿ ನಿಲ್ಲುತ್ತೆ. ಅಂದರೆ ನಿಮಗೆ ಇನ್ನೆರಡು ಮೂರು ವಾರ ಜಾಸ್ತಿಯೇ ಆಗಬಹುದು. ಈಗ ಎಲ್ಲ ನಿಲ್ಲಿಸಿದರೆ "ನಿಲ್ಲಿಸಿದ್ದಕ್ಕೇ ಹೀಗಾಯ್ತು" ಅಂತ ನಿಮ್ಮನ್ನೇ ಬೈಯುವ ಸಾಧ್ಯತೆ ಇದೆ. ಈ ಆರನೇ ವಾರದ ಲೆಕ್ಕವನ್ನು ಅತ್ತೆಯವರಿಗೆ ಮೊದಲೇ ಹೇಳಿಬಿಡಿ.

ಹಾಲು ಕುಡಿಸಿದ ಮೇಲೆ ಮಗುವನ್ನು ಹೆಗಲ ಮೇಲೆ ನೆಟ್ಟಗೆ ಎತ್ತಿಕೊಂಡು ಬೆನ್ನು ಸವರುತ್ತಾ ಹತ್ತು ಹದಿನೈದು ನಿಮಿಷ ಇರಿ. ಕುಡಿಸುವಾಗ ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಇಲ್ಲದಿದ್ದರೆ ಗಾಳಿ ನುಂಗುತ್ತೆ. ಸಂಜೆ ಹೊತ್ತಿಗೆ ದೀಪ, ಟಿವಿ ಕಡಿಮೆ ಮಾಡಿ, ಎತ್ತಿಕೊಂಡು ನಿಧಾನಕ್ಕೆ ಓಡಾಡಿ. ನಿಮಗೇ ತಾಳ್ಮೆ ತಪ್ಪುತ್ತಿದೆ ಅನಿಸಿದರೆ ಮಗುವನ್ನು ಅಂಗಾತ ಮಲಗಿಸಿ ಬೇರೆಯವರಿಗೆ ಒಪ್ಪಿಸಿ, ಐದು ನಿಮಿಷ ಹೊರಗೆ ಹೋಗಿ. ಮಗುವನ್ನು ಜೋರಾಗಿ ಅಲ್ಲಾಡಿಸಬಾರದು.

ಅತ್ತೆಯವರಿಗೆ ಜೀರಿಗೆ ಕುದಿಸುವ ಕೆಲಸ ತಪ್ಪಿಸಬೇಡಿ. ಆ ಬಿಸಿ ಜೀರಿಗೆ ನೀರನ್ನು ನೀವು ಕುಡಿಯಿರಿ. ಬಾಣಂತಿಗೆ ಅದರಿಂದ ತೊಂದರೆ ಇಲ್ಲ, ಅವರ ಮನಸ್ಸಿಗೂ ಸಮಾಧಾನ.

ಹೊರಗಿನಿಂದ ಏನಾದರೂ ತರುವ ಮುಂಚೆ ಒಂದು ಎಚ್ಚರಿಕೆ. "ಮಗು ಹೊಟ್ಟೆನೋವಿಗೆ ಡ್ರಾಪ್ಸ್ ಕೊಡಿ" ಅಂತ ಅಂಗಡಿಯಲ್ಲಿ ಕೇಳಿದರೆ ಎರಡು ಬಗೆಯದ್ದು ಸಿಗಬಹುದು. ಸಿಮೆಥಿಕೋನ್ ಇರುವುದು ಒಂದು. ಅದರಿಂದ ಅಪಾಯ ಕಡಿಮೆ, ಕಾಲಿಕ್‌ಗೆ ಪ್ರಯೋಜನವೂ ಅಷ್ಟಕ್ಕಷ್ಟೇ. ಡೈಸೈಕ್ಲೊಮಿನ್ ಇರುವುದು ಇನ್ನೊಂದು. ಇದನ್ನು ಆರು ತಿಂಗಳೊಳಗಿನ ಮಗುವಿಗೆ ಕೊಡಲೇಬಾರದು, ಕೊಟ್ಟ ಕೆಲವು ಮಕ್ಕಳಿಗೆ ಉಸಿರಾಟಕ್ಕೇ ತೊಂದರೆಯಾಗಿದೆ. ಡಬ್ಬಿ ಮೇಲೆ ಆ ಹೆಸರಿದ್ದರೆ ವಾಪಸ್ ಕೊಟ್ಟುಬಿಡಿ. ಜೀರಿಗೆ ನೀರಿಗೆ ಜೇನುತುಪ್ಪ ಬೆರೆಸುವ ಅಭ್ಯಾಸವಿದ್ದರೆ ಅದೂ ಒಂದು ವರ್ಷದವರೆಗೆ ಬೇಡ.

ಹಸಿರು ಬಣ್ಣದ ವಾಂತಿ, ಕುಡಿದದ್ದೆಲ್ಲ ದೂರಕ್ಕೆ ಚಿಮ್ಮುವ ವಾಂತಿ, ಮಲದಲ್ಲಿ ರಕ್ತ, ಹೊಟ್ಟೆ ಉಬ್ಬಿ ಬಿಗಿಯಾಗುವುದು, ತೊಡೆಸಂದಿಯಲ್ಲಿ ಗಂಟು, 100.4 ಡಿಗ್ರಿ ಅಥವಾ ಹೆಚ್ಚು ಜ್ವರ, ಹಾಲು ಬೇಡ ಅಂತ ಮಂಕಾಗಿ ಮಲಗುವುದು: ಇವುಗಳಲ್ಲಿ ಒಂದು ಕಂಡರೂ ಅದು ಕಾಲಿಕ್ ಅಂದುಕೊಂಡು ಕೂರಬೇಡಿ. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ಇವು ಯಾವುದೂ ಇಲ್ಲದಿದ್ದರೆ ನಾಳೆ ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ. ಒಂದು ವಾರ ಬರೀ ಎದೆಹಾಲು ಕೊಟ್ಟು ಅದೇ ತಕ್ಕಡಿಯಲ್ಲಿ ಮತ್ತೆ ಹಾಕಿಸಿ. ದಿನಕ್ಕೆ 20ರಿಂದ 30 ಗ್ರಾಂ ಲೆಕ್ಕದಲ್ಲಿ 150 ಗ್ರಾಂನಷ್ಟಾದರೂ ಏರಿರಬೇಕು, ದಿನಕ್ಕೆ ಆರು ಸಲಕ್ಕೆ ಕಡಿಮೆಯಿಲ್ಲದಂತೆ ಮೂತ್ರ ಹೋಗುತ್ತಿರಬೇಕು. ಏರದಿದ್ದರೆ ಆ ಕಾರ್ಡ್ ಹಿಡಿದು ಮಕ್ಕಳ ಡಾಕ್ಟರ ಹತ್ತಿರ ಹೋಗಿ, ಇಷ್ಟು ದಿನ ಎಷ್ಟು ಒಳಲೆ ನೀರು ಹೋಗಿದೆ ಅಂತಲೂ ಮುಚ್ಚಿಡದೆ ಹೇಳಿ.