ಕೇಕ್ ಜೊತೆ ಬೊಕೆ ಮಾರುವಾಗ ರಿಯಾಯಿತಿ ಯಾರ ಲೆಕ್ಕಕ್ಕೆ?

"ನನ್ನದು ಚಿಕ್ಕ ಬೇಕರಿ. ಎದುರಿನ ಹೂವಿನಂಗಡಿಯವರು ಸೇರಿ ಪ್ರಚಾರ ಮಾಡೋಣ, ಖರ್ಚೆಲ್ಲ ಅರ್ಧ ಅರ್ಧ ಅಂತಿದ್ದಾರೆ. ಒಪ್ಪಬಹುದಾ?"

ಒಪ್ಪಿ. ಆದರೆ ಅರ್ಧ ಅರ್ಧ ಅನ್ನೋದು ಕರಪತ್ರದ ಖರ್ಚಿಗೆ ಸರಿ, ರಿಯಾಯಿತಿಗೆ ಸರಿಯಲ್ಲ. ನಾನು ಹಾಸನದಲ್ಲಿ ಬೇಕರಿ ನಡೆಸುತ್ತೇನೆ. ಎರಡು ವರ್ಷದಿಂದ ಪಕ್ಕದ ಹೂವಿನಂಗಡಿ ಅಕ್ಕನ ಜೊತೆ ಕೇಕ್-ಬೊಕೆ ಕಾಂಬೊ ಮಾರುತ್ತಿದ್ದೇನೆ. ಮೊದಲ ತಿಂಗಳು ನಾವೂ ಅರ್ಧ ಅರ್ಧವೇ ಹಾಕಿಕೊಂಡಿದ್ದೆವು.

ನಮ್ಮ ಲೆಕ್ಕ ನೋಡಿ. ಅರ್ಧ ಕೆಜಿ ಕೇಕ್ 350 ರೂಪಾಯಿ, ಬೊಕೆ 250, ಎರಡೂ ಸೇರಿಸಿ 550ಕ್ಕೆ ಕೊಟ್ಟೆವು. ಬಿಟ್ಟ 50ರಲ್ಲಿ ತಲಾ 25. ಕೇಕಿನ ಅಸಲು 180, ಹಾಗಾಗಿ ನನಗೆ 170 ಉಳಿಯುತ್ತಿತ್ತು, ಅದರಲ್ಲಿ 25 ಹೋದರೆ ಗೊತ್ತೇ ಆಗುತ್ತಿರಲಿಲ್ಲ. ಅಕ್ಕನ ಬೊಕೆಗೆ ಹೂವು, ಕಾಗದ, ರಿಬ್ಬನ್ ಎಲ್ಲ ಸೇರಿ 170 ಬೀಳುತ್ತಿತ್ತು, ಉಳಿಯುತ್ತಿದ್ದದ್ದೇ 80. ಅವರಿಗೆ ಹತ್ತಿರಹತ್ತಿರ ಮೂರನೇ ಒಂದು ಭಾಗ ಲಾಭ ಹೋಯಿತು ಅಲ್ವಾ? ಈಗ ಉಳಿಯುವ ಲಾಭದ ಪ್ರಕಾರವೇ ಹಂಚುತ್ತೇವೆ: ನನ್ನದು 34, ಅವರದು 16. ದುಡ್ಡು ನನ್ನ ಗಲ್ಲಾಕ್ಕೆ ಬಂದರೆ ಅವರಿಗೆ 234 ಬರೆದಿಟ್ಟು, ಭಾನುವಾರ ರಾತ್ರಿ ಚುಕ್ತಾ ಮಾಡುತ್ತೇನೆ. ವಾರ ದಾಟಿಸಬೇಡಿ.

ಇನ್ನು ಗಿರಾಕಿ. ಒಬ್ಬರ ಅಂಗಡಿಯಿಂದ ಇನ್ನೊಬ್ಬರ ಅಂಗಡಿಗೆ ಕಳಿಸುವ ಚೀಟಿಗೆ ಎರಡು ಬಣ್ಣ ಇಡಿ, ವಾಪಸ್ ಬಂದದ್ದನ್ನು ಡಬ್ಬಿಗೆ ಹಾಕಿ ಎಣಿಸಿ. ನಮ್ಮಲ್ಲಿ ಮೊದಲ ತಿಂಗಳು ನಾನು ಕಳಿಸಿದ 40 ಜನ ಅವರ ಕಡೆ ಹೋದರು, ಅವರಿಂದ ನನಗೆ 9 ಜನ. ನನಗೆ ಸ್ವಲ್ಪ ಬೇಜಾರಾಯಿತು. ಆಮೇಲೆ ನೋಡಿದರೆ ಅಕ್ಕ ಪೂಜೆಗೆ ಮಾರು ಹೂವು ಕೊಳ್ಳುವವರಿಗೂ ಚೀಟಿ ಕೊಡುತ್ತಿದ್ದರು. ಬೆಳಗ್ಗೆ ದೇವರಿಗೆ ಹೂವು ಒಯ್ಯುವವರು ಕೇಕಿಗೆ ಯಾಕೆ ಬರುತ್ತಾರೆ? ಬೊಕೆ ಮತ್ತು ಹಾರ ಆರ್ಡರ್ ಕೊಡುವವರಿಗೆ ಮಾತ್ರ ಕೊಟ್ಟ ಮೇಲೆ ಚೀಟಿ ಕಮ್ಮಿ ಖರ್ಚಾಯಿತು, ಗಿರಾಕಿ ಜಾಸ್ತಿ ಬಂದರು.

ನಮಗೆ ನಿಜವಾಗಿ ಪೆಟ್ಟು ಬಿದ್ದದ್ದು ಫೆಬ್ರವರಿಯಲ್ಲಿ. ಕರಪತ್ರದಲ್ಲಿ "10 ಕೆಂಪು ಗುಲಾಬಿ" ಅಂತ ಅಚ್ಚು ಹಾಕಿಸಿದ್ದೆವು, 14ನೇ ತಾರೀಕು ಹತ್ತಿರ ಬಂದ ಹಾಗೆ ಗುಲಾಬಿ ರೇಟು ಏರಿತು, ಅಕ್ಕ ಬೇರೆ ದಾರಿಯಿಲ್ಲದೆ 6 ಹಾಕಿದರು. ಕೇಕ್ ಚೆನ್ನಾಗಿದ್ದರೂ ಜನ ಬೈದದ್ದು ನನಗೇ, ಯಾಕಂದ್ರೆ ದುಡ್ಡು ಕೊಟ್ಟದ್ದು ನನ್ನ ಹತ್ತಿರ. ಈಗ ಹೂವಿನ ಹೆಸರು ಬರೆಯುವುದಿಲ್ಲ, "ಆ ದಿನದ ಹೂವು, 10 ಕಡ್ಡಿ" ಅಂತಷ್ಟೇ. ಫೆಬ್ರವರಿ ಎರಡನೇ ವಾರ, ವರಮಹಾಲಕ್ಷ್ಮಿ, ಆಯುಧಪೂಜೆ ಈ ಮೂರಕ್ಕೂ ಕಾಂಬೊ ಇಲ್ಲ ಅಂತ ಮೊದಲೇ ಅಚ್ಚು ಹಾಕಿಸಿದ್ದೇವೆ.

ಇನ್ನೊಂದು, ಗಿರಾಕಿ ಎಷ್ಟು ಕೇಳಿದರೂ ಬೊಕೆಯ ಹೂವು ಕಿತ್ತು ಕೇಕಿನ ಮೇಲೆ ಇಡಬೇಡಿ. ಅದಕ್ಕೆ ತೋಟದಲ್ಲಿ ಔಷಧಿ ಹೊಡೆದಿರುತ್ತಾರೆ. ಕೇಕಿನ ಫ್ರಿಜ್ಜಿನಲ್ಲೂ ಬೊಕೆ ಇಡಬೇಡಿ, ಸುಗಂಧರಾಜದ ವಾಸನೆ ಕ್ರೀಮಿಗೆ ಹತ್ತಿಬಿಡುತ್ತದೆ.